ಪರೀಕ್ಷೆಯ ಊರಿಗೆ ಹಿಂದಿನ ದಿನವೇ

ನೀಟ್ ಪರೀಕ್ಷೆ ಶುರುವಾಗುವುದು ಮಧ್ಯಾಹ್ನ 2 ಗಂಟೆಗೆ. ಆದರೆ ಕೇಂದ್ರದ ಗೇಟು 1.30ಕ್ಕೇ ಮುಚ್ಚುತ್ತದೆ. ದೂರದ ಊರಿನವರು ಪ್ರಯಾಣದ ಲೆಕ್ಕ ಹಾಕಬೇಕಾದದ್ದು ಈ 1.30ರಿಂದ ಹಿಂದಕ್ಕೆ. ಸಂದರ್ಶನಕ್ಕೆ ತಡವಾದರೆ ಫೋನ್ ಮಾಡಿ ಹೇಳಿಕೊಳ್ಳಬಹುದು. ಮದುವೆಯಲ್ಲಂತೂ ಮುಹೂರ್ತಕ್ಕೆ ತೊಂದರೆಯಾಗದಿರಲೆಂದು ಹಿಂದಿನ ಸಂಜೆಯೇ ವರಪೂಜೆ ಇಟ್ಟು, ಗಂಡಿನ ಕಡೆಯವರನ್ನು ಛತ್ರಕ್ಕೆ ಕರೆಸಿಕೊಂಡಿರುತ್ತಾರೆ. ಪ್ರವೇಶ ಪರೀಕ್ಷೆಯ ಗೇಟಿನ ಮುಂದೆ ಈ ಯಾವ ಅನುಕೂಲವೂ ಇಲ್ಲ.

ಹಾಗಿದ್ದರೂ ಹೆಚ್ಚಿನವರು ಪರೀಕ್ಷೆಯ ಹಿಂದಿನ ರಾತ್ರಿ ರೈಲು ಹತ್ತಿ ಬೆಳಿಗ್ಗೆ ಇಳಿದರೆ ಸಾಕೆಂದುಕೊಳ್ಳುತ್ತಾರೆ. ಲಾಡ್ಜಿನ ಬಾಡಿಗೆ ಉಳಿಯುತ್ತದೆ, ಗೇಟು ಮುಚ್ಚುವುದಕ್ಕೆ ಆರು ಗಂಟೆಗೂ ಹೆಚ್ಚು ಸಮಯವಿರುತ್ತದೆ. 2019ರ ಮೇ 5ರ ಭಾನುವಾರ ಈ ಲೆಕ್ಕ ಕೈಕೊಟ್ಟಿತು. ಹುಬ್ಬಳ್ಳಿಯಿಂದ ಹೊಸಪೇಟೆ, ಬಳ್ಳಾರಿ ಮೇಲೆ ಬರುವ ಹಂಪಿ ಎಕ್ಸ್‌ಪ್ರೆಸ್ ಬೆಳಿಗ್ಗೆ ಏಳರ ಹೊತ್ತಿಗೆ ಬೆಂಗಳೂರು ಸೇರಬೇಕಿತ್ತು. ಹಳಿ ಕಾಮಗಾರಿಯಿಂದಾಗಿ ಅದನ್ನು ಬೇರೆ ಮಾರ್ಗದಲ್ಲಿ ತಿರುಗಿಸಲಾಗಿತ್ತು. ರೈಲು ಬಂದು ನಿಂತಾಗ ಮಧ್ಯಾಹ್ನ ಎರಡೂವರೆ ಆಗಿತ್ತು. ಅದರಲ್ಲಿದ್ದ ನೂರಾರು ವಿದ್ಯಾರ್ಥಿಗಳ ಪರೀಕ್ಷೆ ತಪ್ಪಿತು. ದೊಡ್ಡ ಗದ್ದಲವೆದ್ದ ಮೇಲೆ ಕೇಂದ್ರ ಸರ್ಕಾರ ಮೇ 20ರಂದು ಮರುಪರೀಕ್ಷೆಗೆ ಅವಕಾಶ ಕೊಟ್ಟಿತು. ಒಂದೇ ರೈಲಿನಲ್ಲಿ ಅಷ್ಟು ಜನ ಸಿಕ್ಕಿಕೊಂಡಿದ್ದರಿಂದ ಅದು ಸುದ್ದಿಯಾಯಿತು. ಕೆಟ್ಟು ನಿಂತ ಬಸ್ಸಿನಲ್ಲಿ ಒಬ್ಬನೇ ವಿದ್ಯಾರ್ಥಿ ಇದ್ದಿದ್ದರೆ ಅವನ ಪರವಾಗಿ ಕೇಳುವವರು ಯಾರು?

ಆ ಮಕ್ಕಳಿಗೆ ಆರು ಗಂಟೆಯ ಬಿಡುವಿತ್ತು, ಆದರೆ ಅದನ್ನು ಬಳಸಿಕೊಳ್ಳುವ ದಾರಿ ಇರಲಿಲ್ಲ. ರೈಲು ತಡವೆಂದು ಖಾತ್ರಿಯಾಗುವಷ್ಟರಲ್ಲಿ ಬೆಳಗಾಗಿರುತ್ತದೆ, ಬಂಡಿ ಯಾವುದೋ ಸಣ್ಣ ನಿಲ್ದಾಣದಲ್ಲಿ ನಿಂತಿರುತ್ತದೆ. ಅಲ್ಲಿ ಇಳಿದು ಬಸ್ಸು ಹಿಡಿದರೂ ಗೇಟು ಮುಚ್ಚುವುದರೊಳಗೆ ತಲುಪುವುದು ಅನುಮಾನ. ಆದ್ದರಿಂದ ನೋಡಬೇಕಾದದ್ದು ಎಷ್ಟು ಗಂಟೆ ಉಳಿದಿದೆ ಎಂಬುದನ್ನಲ್ಲ. ಹತ್ತಿದ ಗಾಡಿ ಕೈಕೊಟ್ಟರೆ ಇನ್ನೊಂದನ್ನು ಹತ್ತಿ ಸಮಯಕ್ಕೆ ಸೇರಬಹುದೇ ಎಂಬುದನ್ನು.

ಹೊಸಪೇಟೆಯಿಂದ ಬೆಂಗಳೂರಿಗೆ ಹೊರಟ ವಿದ್ಯಾರ್ಥಿಯನ್ನೇ ತೆಗೆದುಕೊಳ್ಳಬಹುದು. ರಸ್ತೆಯಲ್ಲಿ ಸುಮಾರು 350 ಕಿಲೋಮೀಟರ್, ಬಸ್ಸಿಗೆ ಏಳೆಂಟು ಗಂಟೆ. ಅವನು ಶುಕ್ರವಾರ ರಾತ್ರಿ ಅದೇ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ, ಅದು ಏಳು ಗಂಟೆ ತಡವಾದರೂ ಶನಿವಾರ ಮಧ್ಯಾಹ್ನಕ್ಕೆ ಊರು ಸೇರುತ್ತಾನೆ. ಶನಿವಾರ ಬೆಳಿಗ್ಗೆ ಬಸ್ಸಿನಲ್ಲಿ ಹೊರಟರೂ ನಡೆಯುತ್ತದೆ. ಬಸ್ಸು ಚಿತ್ರದುರ್ಗದ ಬಳಿ ಕೆಟ್ಟರೆ, ಹುಬ್ಬಳ್ಳಿ, ದಾವಣಗೆರೆ ಕಡೆಯಿಂದ ಬೆಂಗಳೂರಿಗೆ ಹೋಗುವ ಬಸ್ಸುಗಳು ಹೆದ್ದಾರಿಯಲ್ಲಿ ಸಿಗುತ್ತವೆ. ಹೊರಡುವುದೇ ಸಂಜೆಯಾದರೂ ರಾತ್ರಿ ಬಸ್ಸು ಇದ್ದೇ ಇದೆ. ಸಾಮಾನ್ಯವಾಗಿ ಕೊನೆಯ ಆಯ್ಕೆಯಾಗಿರಬೇಕಾದ ಈ ರಾತ್ರಿ ಪ್ರಯಾಣವನ್ನೇ ಮೊದಲ ಆಯ್ಕೆ ಮಾಡಿಕೊಳ್ಳುವುದರಲ್ಲಿ ಅಪಾಯವಿದೆ. ಪರೀಕ್ಷಾ ಕೇಂದ್ರ ನೂರು ಕಿಲೋಮೀಟರ್ ಒಳಗಿದ್ದು ಗಂಟೆಗೊಂದು ಬಸ್ಸಿದ್ದರೆ ಹಿಂದಿನ ದಿನ ಹೋಗಿ ಉಳಿಯುವ ಅಗತ್ಯವಿಲ್ಲ. ಮೊದಲ ಬಸ್ಸಿಗೆ ಹೊರಟರೆ ಸಾಕು.

ಊರು ಮುಟ್ಟಿದ ಮೇಲೆ ಮೊದಲ ಕೆಲಸ ಕೇಂದ್ರವನ್ನು ಕಣ್ಣಾರೆ ನೋಡಿ ಬರುವುದು. ಬೆಂಗಳೂರಿನಂಥ ಊರಿನಲ್ಲಿ ಒಂದೇ ಹೆಸರಿನ ಶಾಲೆ ಮೂರು ನಾಲ್ಕು ಬಡಾವಣೆಗಳಲ್ಲಿ ಇರುತ್ತದೆ. ಫೋನಿನ ನಕ್ಷೆಯಲ್ಲಿ ಹೆಸರು ಒತ್ತಿದರೆ ಅದು ತೋರಿಸುವುದು ಬೇರೆ ಶಾಖೆಯನ್ನೂ ಆಗಿರಬಹುದು. ಪ್ರವೇಶ ಪತ್ರದಲ್ಲಿರುವ ರಸ್ತೆ, ಬಡಾವಣೆ ಮತ್ತು ಪಿನ್ ಕೋಡನ್ನು ಗೇಟಿನ ಫಲಕದ ಜೊತೆ ಹೋಲಿಸಿದರೆ ಅನುಮಾನ ಹೋಗುತ್ತದೆ. ನೀಟ್ ಸಾಮಾನ್ಯವಾಗಿ ಭಾನುವಾರ ನಡೆಯುವುದರಿಂದ ಶನಿವಾರ ಸಿಕ್ಕ ಬಸ್ಸು ಮಾರನೆಯ ದಿನ ಅಷ್ಟೇ ಬೇಗ ಸಿಗುತ್ತದೆಂದು ನಂಬುವಂತಿಲ್ಲ. ಭಾನುವಾರದ ಬಸ್ಸುಗಳ ಬಗ್ಗೆ ಅಲ್ಲೇ ನಿಲ್ದಾಣದಲ್ಲಿ ಕೇಳಿಕೊಂಡು ಬರುವುದು ಒಳ್ಳೆಯದು.

ಲಾಡ್ಜ್ ಹುಡುಕುವಾಗ ಬಾಡಿಗೆಗಿಂತ ಮೊದಲು ಕೇಳಬೇಕಾದದ್ದು ರೂಮು ಬಿಡುವ ಸಮಯ. ಕೆಲವು ಲಾಡ್ಜುಗಳಲ್ಲಿ ಒಳಗೆ ಬಂದ ಹೊತ್ತಿನಿಂದ 24 ಗಂಟೆಯ ಲೆಕ್ಕ, ಕೆಲವೆಡೆ ಮಧ್ಯಾಹ್ನ 12ಕ್ಕೆ ಖಾಲಿ ಮಾಡಬೇಕು. ಪರೀಕ್ಷೆ ಮುಗಿಯುವುದು ಸಂಜೆ 5ಕ್ಕೆ. ಮೊಬೈಲು, ಗಡಿಯಾರ, ಚೀಲ ಯಾವುದನ್ನೂ ಕೇಂದ್ರದ ಒಳಗೆ ಬಿಡುವುದಿಲ್ಲ. ಶನಿವಾರ ರಾತ್ರಿ 8ಕ್ಕೆ ರೂಮು ಹಿಡಿದವನಿಗೆ 24 ಗಂಟೆಯ ಲಾಡ್ಜಿನಲ್ಲಿ ಸಾಮಾನೆಲ್ಲ ಭದ್ರ, ಸಂಜೆ ಬಂದು ಸ್ನಾನ ಮಾಡಿ ಹೊರಡಬಹುದು. 12ರ ಲಾಡ್ಜಾದರೆ ಇನ್ನರ್ಧ ದಿನದ ಬಾಡಿಗೆ ಕೊಡಬೇಕು, ಇಲ್ಲವೇ ಜೊತೆಗೆ ಬಂದ ಅಪ್ಪನೋ ಮಾವನೋ ಚೀಲ ಕಾಯುತ್ತ ಬಿಸಿಲಲ್ಲಿ ಕೂರಬೇಕು. ವಾಪಸ್ ಟಿಕೆಟ್ಟನ್ನು ರಾತ್ರಿ 9ರ ನಂತರದ ಗಾಡಿಗೇ ಮಾಡಿಸಬೇಕು. ಪರೀಕ್ಷೆ ಬಿಟ್ಟ ಕೂಡಲೇ ಸಾವಿರಾರು ಜನ ಒಮ್ಮೆಲೇ ರಸ್ತೆಗಿಳಿಯುವುದರಿಂದ ಆಟೋ ಸಿಗುವುದಕ್ಕೇ ಬಹಳ ಹೊತ್ತು ಹಿಡಿಯುತ್ತದೆ.