ನಿಲ್ಲದ ಗೋಪುರ, ತುಂಬದ ಪೆಟ್ಟಿಗೆ

ಐದು ನಿಮಿಷದ ತರಗತಿ ವಿಡಿಯೊ. ಬೇಕಾದದ್ದು ಎರಡು ಬಣ್ಣದ ಚಾರ್ಟ್ ಹಾಳೆ, ಕತ್ತರಿ, ಸ್ಕೇಲು. ಪ್ರಶ್ನೆ ಒಂದೇ: ಸೇರಿಸುವ ತುಂಡು ಚಿಕ್ಕದಾಗುತ್ತಾ ಹೋದರೆ ಮೊತ್ತ ಎಲ್ಲಾದರೂ ನಿಲ್ಲಲೇಬೇಕೆ?

ಮೊದಲ ದೃಶ್ಯಕ್ಕೆ ಕೆಂಪು ಹಾಳೆ. ಎಲ್ಲ ಪಟ್ಟಿಗಳ ಅಗಲವೂ 12 ಸೆಂ.ಮೀ. ಎತ್ತರ ಮಾತ್ರ ಕ್ರಮವಾಗಿ 12, 6, 4, 3, 2.4... ಅಂದರೆ 12ನ್ನು 1, 2, 3, 4, 5ರಿಂದ ಭಾಗಿಸಿದಷ್ಟು. 12 ಸೆಂ.ಮೀ.ಯನ್ನೇ ‘1’ ಎಂದು ಹಿಡಿದರೆ ಈ ಆಯತಗಳ ವಿಸ್ತೀರ್ಣ 1, 1/2, 1/3, 1/4... ಇವುಗಳ ಮೊತ್ತವೇ ಹರಾತ್ಮಕ ಶ್ರೇಢಿ.

ಪಟ್ಟಿಗಳನ್ನು ಒಂದರ ಮೇಲೊಂದು ಪೇರಿಸುತ್ತಾ ಗುಂಪು ಮಾಡಿ. ಎರಡನೆಯದು ಒಂದೇ 6 ಸೆಂ.ಮೀ. ಮೂರನೆಯದೂ ನಾಲ್ಕನೆಯದೂ ಸೇರಿ 7. ಮುಂದಿನ ನಾಲ್ಕು ಸೇರಿ ಸುಮಾರು 7.6. ಅದರ ಮುಂದಿನ ಎಂಟರಲ್ಲಿ ಅತಿ ಸಣ್ಣದು 12/16, ಅಂದರೆ 0.75 ಸೆಂ.ಮೀ.; ಎಂಟೂ ಅಷ್ಟೇ ಇದ್ದರೂ 6 ಆಗುತ್ತದೆ. ಹೀಗೆ ಪಟ್ಟಿಗಳ ಸಂಖ್ಯೆ ಇಮ್ಮಡಿಯಾದಾಗಲೆಲ್ಲ ಗೋಪುರ ಕಡಿಮೆಯೆಂದರೂ 6 ಸೆಂ.ಮೀ. ಏರುತ್ತದೆ. ಅದಕ್ಕೆ ಮಿತಿಯೇ ಇಲ್ಲ. 14ನೇ ಶತಮಾನದಲ್ಲಿ ಫ್ರಾನ್ಸ್‌ನ ನಿಕೋಲ್ ಒರೆಮ್ ಕೊಟ್ಟ ಸಾಧನೆಯ ತಿರುಳು ಇದೇ.

ಎರಡನೆಯ ದೃಶ್ಯಕ್ಕೆ ನೀಲಿ ಹಾಳೆ. ಈಗ ಅಗಲವನ್ನೂ ಎತ್ತರದಷ್ಟೇ ಕತ್ತರಿಸಿ. ಪಟ್ಟಿಗಳೆಲ್ಲ ಚೌಕಗಳಾಗುತ್ತವೆ, ವಿಸ್ತೀರ್ಣ 1, 1/4, 1/9, 1/16... ಇವನ್ನು 12 ಸೆಂ.ಮೀ. ಅಗಲ, 24 ಸೆಂ.ಮೀ. ಎತ್ತರದ ಚೌಕಟ್ಟಿನಲ್ಲಿ ಜೋಡಿಸಿ. ಮೊದಲ ಚೌಕ ಕೆಳಗಿನ ಅರ್ಧವನ್ನು ಪೂರ್ತಿ ತುಂಬುತ್ತದೆ. ಅದರ ಮೇಲಿನ ಸಾಲಿನಲ್ಲಿ 6 ಮತ್ತು 4 ಸೆಂ.ಮೀ. ಚೌಕಗಳು ಅಕ್ಕಪಕ್ಕ, ಸಾಲಿನ ಎತ್ತರ 6. ಅದರ ಮೇಲೆ ಮುಂದಿನ ನಾಲ್ಕು; ಎತ್ತರ 3. ಆಮೇಲೆ ಎಂಟು, ಎತ್ತರ 1.5. ಯಾವ ಸಾಲಿನಲ್ಲೂ ಅಗಲ 12ನ್ನು ಮೀರುವುದಿಲ್ಲ. 6 + 3 + 1.5 + ... ಎಷ್ಟು ಕೂಡಿದರೂ 12 ದಾಟುವುದಿಲ್ಲ. ಆದ್ದರಿಂದ ಮೊತ್ತ 2ರೊಳಗೇ ಇರುತ್ತದೆ.

ಆದರೆ ಮೊತ್ತ 2 ಎಂದು ಹೇಳಿಬಿಡಬಾರದು. ಸಾಲುಗಳ ನಡುವೆ ಉಳಿದ ಖಾಲಿ ಜಾಗವನ್ನು ಕ್ಯಾಮೆರಾ ಹತ್ತಿರದಿಂದ ತೋರಿಸಬೇಕು. ನಿಜವಾದ ಮೊತ್ತ π²/6, ಸುಮಾರು 1.645. ಅದನ್ನು ಕಂಡುಹಿಡಿದವನು ಆಯ್ಲರ್, 1730ರ ದಶಕದಲ್ಲಿ. ಈ ಚಿತ್ರ ಮಿತಿಯಿದೆ ಎನ್ನುವುದನ್ನಷ್ಟೇ ತೋರಿಸುತ್ತದೆ, ಬೆಲೆಯನ್ನಲ್ಲ.

ಚಿತ್ರೀಕರಣದಲ್ಲಿ ಒಂದು ಎಚ್ಚರ ಬೇಕು. ಗೋಪುರ ಪರದೆಯಿಂದಾಚೆ ಹೋಗುತ್ತದೆಂದು ಚಿತ್ರವನ್ನು ಕುಗ್ಗಿಸುತ್ತಾ ಹೋದರೆ ಅದೂ ಒಂದೆಡೆ ನಿಂತಂತೆ ಕಾಣುತ್ತದೆ. ಅಳತೆ ಬದಲಾಗಬಾರದು.

ಕ್ಯಾಲ್ಕುಲೇಟರ್ ಕೂಡ ಇಲ್ಲಿ ದಾರಿ ತಪ್ಪಿಸುತ್ತದೆ. ಹತ್ತು ಲಕ್ಷ ಪಟ್ಟಿ ಪೇರಿಸಿದರೂ ಮೊತ್ತ ಸುಮಾರು 14.4, ಗೋಪುರ 173 ಸೆಂ.ಮೀ., ಒಬ್ಬ ಆಳಿನ ಎತ್ತರ. ಆಗ ಒಂದೊಂದು ಪಟ್ಟಿಯೂ ಕಣ್ಣಿಗೆ ಕಾಣದಷ್ಟು ತೆಳು. ಆದರೂ ಇನ್ನೂ ಹತ್ತು ಲಕ್ಷ ಸೇರಿಸಿದರೆ 6 ಸೆಂ.ಮೀ.ಗಿಂತ ಹೆಚ್ಚೇ ಏರುತ್ತದೆ. ಬರೀ ಅಂಕಿ ನೋಡಿದವರಿಗೆ ಎರಡೂ ನಿಂತಂತೆಯೇ. ಗುಂಪು ಮಾಡಿದವರಿಗಷ್ಟೇ ವ್ಯತ್ಯಾಸ ತಿಳಿಯುತ್ತದೆ.

ಕೊನೆಗೆ ಮಕ್ಕಳಿಗೊಂದು ಪ್ರಶ್ನೆ ಬಿಡಿ: ಸಮಸಂಖ್ಯೆಯ ಕೆಂಪು ಪಟ್ಟಿಗಳನ್ನಷ್ಟೇ ಪೇರಿಸಿದರೆ ಗೋಪುರ ನಿಲ್ಲುತ್ತದೆಯೇ? ಆ ಪಟ್ಟಿಗಳ ಎತ್ತರ 6, 3, 2, 1.5... ಇವನ್ನು ಮೊದಲ ಗೋಪುರದ 12, 6, 4, 3ರ ಪಕ್ಕ ಬರೆದರೆ ಉತ್ತರ ಅಲ್ಲೇ ಇದೆ.