ಕೊನೆಯ ದಿನ ಫೋನ್ ನೆನಪಿಸಿದರೆ ತಡವಾಯಿತು

ಫೋನಿನಲ್ಲಿ ರಿಮೈಂಡರ್ ಹಾಕುವಾಗ ಹೆಚ್ಚಿನವರು ಕೊಡುವುದು ಕಟ್ಟಬೇಕಾದ ಕೊನೆಯ ದಿನಾಂಕವನ್ನು. ಎಡವಟ್ಟಾಗುವುದು ಅಲ್ಲೇ. ಹಣ ಹೊಂದಿಸಲು ಎಷ್ಟು ದಿನ ಬೇಕೋ ಅಷ್ಟು ಮೊದಲೇ ಫೋನ್ ಎಚ್ಚರಿಸಬೇಕು. ಆ ಲೆಕ್ಕ ಕರೆಂಟ್ ಬಿಲ್ಲಿಗೊಂದು, ವಿಮೆಗೊಂದು, ಸಾಲದ ಕಂತಿಗೆ ಮತ್ತೊಂದು.

ತುಮಕೂರಿನ ಶಿಕ್ಷಕಿಯೊಬ್ಬರ ಮನೆ ಎಂದಿಟ್ಟುಕೊಳ್ಳೋಣ. ಸಂಬಳ ತಿಂಗಳ 1ಕ್ಕೆ ಬರುತ್ತದೆ. ಸ್ಕೂಟರ್ ಸಾಲದ ಕಂತು 5ರಂದು ಬ್ಯಾಂಕ್ ಖಾತೆಯಿಂದ ತಾನಾಗಿಯೇ ಕಡಿತವಾಗುತ್ತದೆ. ಹೀಗಿರುವಾಗ ‘ಕಂತು ಕಟ್ಟು’ ಎಂಬ ರಿಮೈಂಡರಿನಿಂದ ಉಪಯೋಗವಿಲ್ಲ, ಕಟ್ಟುವವರು ಅವರಲ್ಲ. ಬೇಕಿರುವುದು ‘ಖಾತೆಯಲ್ಲಿ 4,200 ಇದೆಯೇ ನೋಡು’ ಎಂಬ ಮಾತು, ಅದೂ 3ರ ಬೆಳಿಗ್ಗೆ. ಕಡಿತ ಮುಂಜಾನೆಯೇ ನಡೆದುಬಿಡಬಹುದು, ಹಾಗಾಗಿ ಹಣ 4ರ ರಾತ್ರಿಯೊಳಗೆ ಖಾತೆಯಲ್ಲಿರಬೇಕು. 5ನೇ ತಾರೀಕು ಭಾನುವಾರ ಬಂದರೆ ಒಂದು ದಿನ ಸಿಗುತ್ತದೆ ಎಂಬ ಹಳೆಯ ಧೈರ್ಯವೂ ಈಗ ಕೆಲಸಕ್ಕೆ ಬಾರದು. ಇಂಥ ಕಡಿತಗಳನ್ನು ನಡೆಸುವ ನ್ಯಾಚ್ ವ್ಯವಸ್ಥೆ 2021ರ ಆಗಸ್ಟ್ 1ರಿಂದ ವಾರದ ಏಳೂ ದಿನ ಕೆಲಸ ಮಾಡುತ್ತಿದೆ. ಕಂತು ಬೌನ್ಸ್ ಆದರೆ ಖಾತೆ ಇರುವ ಬ್ಯಾಂಕೂ ಸಾಲ ಕೊಟ್ಟವರೂ ಬೇರೆ ಬೇರೆಯಾಗಿ ಶುಲ್ಕ ಹಾಕಬಹುದು.

ಕರೆಂಟ್ ಬಿಲ್ಲಿನ ತೊಡಕು ಬೇರೆ. ಮೀಟರ್ ರೀಡರ್ ಬರುವ ದಿನ ತಿಂಗಳಿಂದ ತಿಂಗಳಿಗೆ ಒಂದೆರಡು ದಿನ ಹಿಂದೆ ಮುಂದೆ ಆಗುತ್ತದೆ, ಅದರ ಜೊತೆಗೆ ಕೊನೆಯ ದಿನವೂ ಸರಿಯುತ್ತದೆ. ಆದ್ದರಿಂದ ರೀಡರ್ ಸಾಮಾನ್ಯವಾಗಿ ಬಂದುಹೋಗುವ ದಿನದಿಂದ ಮೂರ್ನಾಲ್ಕು ದಿನ ಬಿಟ್ಟು ‘ಬಿಲ್ ಬಂತೇ? ಮೊತ್ತ ಎಷ್ಟು?’ ಎಂದು ಹಾಕಿಕೊಳ್ಳುವುದು ಮೇಲು. ಗೃಹಜ್ಯೋತಿಯ ಸೊನ್ನೆ ಬಿಲ್ಲಿಗೆ ಒಗ್ಗಿಹೋದ ಮನೆಗಳಿಗೆ ಇದು ಇನ್ನೂ ಅಗತ್ಯ. ಬೇಸಿಗೆಯಲ್ಲಿ ಬಳಕೆ 200 ಯೂನಿಟ್ ದಾಟಿತೆಂದರೆ ಆ ತಿಂಗಳ ಪೂರ್ತಿ ಬಿಲ್ ಕಟ್ಟಬೇಕು, ಆದರೆ ಬಿಲ್ಲಿನ ಚೀಟಿ ನೋಡುವ ಅಭ್ಯಾಸವೇ ಅಷ್ಟು ಹೊತ್ತಿಗೆ ತಪ್ಪಿರುತ್ತದೆ.

ವಿಮೆ ವರ್ಷಕ್ಕೊಮ್ಮೆ ಅಥವಾ ಎರಡು ಬಾರಿ ಬರುವುದರಿಂದ ಮರೆಯುವುದು ಸುಲಭ. ಶಿಕ್ಷಕಿಯ ಜೀವವಿಮೆಯ ಅರ್ಧವಾರ್ಷಿಕ ಪ್ರೀಮಿಯಂ ಮಾರ್ಚ್ 28 ಮತ್ತು ಸೆಪ್ಟೆಂಬರ್ 28ಕ್ಕೆ. ಮೊತ್ತ ದೊಡ್ಡದು, ಒಂದೇ ಸಂಬಳದಲ್ಲಿ ಹೊಂದುವುದಿಲ್ಲ. ಅವರ ರಿಮೈಂಡರ್ ಫೆಬ್ರವರಿ 2 ಮತ್ತು ಆಗಸ್ಟ್ 2ಕ್ಕೆ ಇರಲಿ, ಆಗ ಎರಡು ಸಂಬಳದಿಂದ ಹಣ ತೆಗೆದಿಡಬಹುದು. ಅರ್ಧವಾರ್ಷಿಕ ಪ್ರೀಮಿಯಂಗೆ 30 ದಿನಗಳ ರಿಯಾಯಿತಿ ಅವಧಿ ಉಂಟು, ತಿಂಗಳ ಪ್ರೀಮಿಯಂಗಾದರೆ 15 ದಿನ. ಸ್ಕೂಟರ್ ವಿಮೆಗೆ ಈ ದಾಕ್ಷಿಣ್ಯವಿಲ್ಲ. ಅವಧಿ ಮುಗಿದ ಮರುಗಳಿಗೆಯಿಂದ ಗಾಡಿಗೆ ವಿಮೆಯೇ ಇಲ್ಲ.

ಈಗ ಫೋನಿಗೆ ಬರೋಣ. ಗೂಗಲ್ ಕ್ಯಾಲೆಂಡರಿನಲ್ಲಿ + ಒತ್ತಿದರೆ Event, Task ಎಂಬ ಆಯ್ಕೆಗಳು ಕಾಣುತ್ತವೆ. ಹಣದ ವಿಷಯಕ್ಕೆ Task ಒಳ್ಳೆಯದು. Event ಸೂಚನೆಯನ್ನು ಬೆರಳಿನಿಂದ ಆಚೆ ಸರಿಸಿದರೆ ಕಥೆ ಮುಗಿಯಿತು, Task ಆದರೆ ‘ಆಯಿತು’ ಎಂದು ಗುರುತು ಹಾಕುವವರೆಗೆ ಬಾಕಿ ಪಟ್ಟಿಯಲ್ಲೇ ಕೂತಿರುತ್ತದೆ. Does not repeat ಎಂಬುದನ್ನು ಒತ್ತಿ ಪ್ರತಿ ತಿಂಗಳು ಎಂದು ಮಾಡಿ, ಪ್ರೀಮಿಯಂ ಆದರೆ Custom ಒಳಗೆ 6 ತಿಂಗಳು. ಸಾಲಕ್ಕೆ 36 ಕಂತು ಬಾಕಿ ಇದ್ದರೆ ಅಷ್ಟು ಬಾರಿಗೆ ನಿಲ್ಲುವಂತೆ ಹೇಳಲೂಬಹುದು. ಶೀರ್ಷಿಕೆಯಲ್ಲಿ ಪಾಲಿಸಿ ಸಂಖ್ಯೆ, ಮೊತ್ತ ಬರೆದಿಟ್ಟರೆ ಆ ಹೊತ್ತಿಗೆ ಕಾಗದ ಹುಡುಕುವ ಗೋಜಿಲ್ಲ. ಪಿನ್ ಮಾತ್ರ ಬರೆಯಬೇಡಿ.

‘ತಿಂಗಳ ಕೊನೆ’ ಎಂದು 31ನೇ ತಾರೀಕು ಹಾಕುವವರಿದ್ದಾರೆ. 31 ಇಲ್ಲದ ತಿಂಗಳನ್ನು ಕ್ಯಾಲೆಂಡರ್ ಸುಮ್ಮನೆ ದಾಟಿಬಿಡಬಹುದು, ಆಗ ವರ್ಷಕ್ಕೆ ನೆನಪಿಸುವುದು ಏಳೇ ಬಾರಿ. 28ರೊಳಗಿನ ದಿನ ಆರಿಸಿಕೊಳ್ಳಿ. ಕೆಲವು ಆ್ಯಪ್‌ಗಳಲ್ಲಿ ಕೆಲಸ ಮುಗಿಸಿದ ದಿನದಿಂದ ಮುಂದಿನ ಸರದಿ ಎಣಿಸುವ ಸೌಲಭ್ಯವಿದೆ. ನೀರಿನ ಫಿಲ್ಟರ್ ಬದಲಿಸಲು ಅದು ಸರಿ, ಪ್ರೀಮಿಯಂಗೆ ಸಲ್ಲ. ಸೆಪ್ಟೆಂಬರ್ ಪ್ರೀಮಿಯಂ ಅಕ್ಟೋಬರ್ 20ಕ್ಕೆ ಕಟ್ಟಿದರೂ ಮುಂದಿನ ದಿನಾಂಕ ಮಾರ್ಚ್ 28ೇ ಆಗಿರುತ್ತದೆ.

ಇಷ್ಟಾದ ಮೇಲೂ ಫೋನ್ ಸುಮ್ಮನಿದ್ದರೆ ಬ್ಯಾಟರಿ ಉಳಿಸುವ ಸೆಟ್ಟಿಂಗ್ ಮೇಲೆ ಅನುಮಾನಪಡಿ. ಹಲವು ಆ್ಯಂಡ್ರಾಯ್ಡ್ ಫೋನುಗಳು ಹಿನ್ನೆಲೆಯಲ್ಲಿರುವ ಆ್ಯಪ್‌ಗಳನ್ನು ಮಲಗಿಸಿಬಿಡುತ್ತವೆ. ಹತ್ತು ನಿಮಿಷದ ನಂತರಕ್ಕೊಂದು ಸುಳ್ಳು ರಿಮೈಂಡರ್ ಹಾಕಿ, ಸ್ಕ್ರೀನ್ ಆರಿಸಿ ಪಕ್ಕಕ್ಕಿಡಿ. ಸೂಚನೆ ಬರದಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಆ ಆ್ಯಪ್‌ನ ನೋಟಿಫಿಕೇಶನ್ ಅನುಮತಿ ಕೊಟ್ಟು, ಬ್ಯಾಟರಿ ನಿರ್ಬಂಧ ತೆಗೆದು, ಮತ್ತೊಮ್ಮೆ ಅದೇ ಪರೀಕ್ಷೆ ಮಾಡಿ.