ಶಾಖವಿಲ್ಲ, ಕೆಲಸವಿಲ್ಲ, ಆದರೂ ಎಂಟ್ರೊಪಿ ಏರಿತು!

1845ರಲ್ಲಿ ಇಂಗ್ಲೆಂಡಿನ ಜೇಮ್ಸ್ ಜೂಲ್ ಎರಡು ತಾಮ್ರದ ಪಾತ್ರೆಗಳನ್ನು ಕೊಳವೆಯಿಂದ ಜೋಡಿಸಿ ನೀರಿನ ತೊಟ್ಟಿಯಲ್ಲಿ ಮುಳುಗಿಸಿದರು. ಒಂದರಲ್ಲಿ ಒತ್ತಿ ತುಂಬಿದ ಗಾಳಿ, ಇನ್ನೊಂದರಲ್ಲಿ ನಿರ್ವಾತ. ನಡುವಿನ ನಲ್ಲಿ ತಿರುಗಿಸಿದಾಗ ಗಾಳಿ ಖಾಲಿ ಪಾತ್ರೆಗೂ ನುಗ್ಗಿತು. ನೀರಿನ ಉಷ್ಣತೆ ಮಾತ್ರ ಬದಲಾದಂತೆ ಕಾಣಲಿಲ್ಲ. ನಿಜವಾದ ಗಾಳಿ ಅತ್ಯಲ್ಪ ತಣ್ಣಗಾಗುತ್ತದೆ, ಆದರೆ ಅಷ್ಟೊಂದು ನೀರಿನಲ್ಲಿ ಅದನ್ನು ಗುರುತಿಸುವುದು ಸಾಧ್ಯವಿರಲಿಲ್ಲ. ಆದರ್ಶ ಅನಿಲದಲ್ಲಾದರೆ ಬದಲಾವಣೆ ಸೊನ್ನೆಯೇ.

ನಿರ್ವಾತದಲ್ಲಿ ಎದುರು ಒತ್ತುವವರಿಲ್ಲ, ಹಾಗಾಗಿ ಅನಿಲ ಕೆಲಸ ಮಾಡುವುದಿಲ್ಲ. ಶಾಖವೂ ಒಳಬರುವುದಿಲ್ಲ. ಎಂಟ್ರೊಪಿಯೆಂದರೆ ಶಾಖವನ್ನು ಉಷ್ಣತೆಯಿಂದ ಭಾಗಿಸಿದ್ದು ಎಂದು ಕಲಿತವರು ಇಲ್ಲಿ ಅದು ಸೊನ್ನೆ ಎನ್ನಬಹುದು. ಎಡವುವುದು ಇಲ್ಲೇ. ಆ ಸೂತ್ರ ಹಿಂದಿರುಗಿಸಬಹುದಾದ, ನಿಧಾನದ ದಾರಿಗೆ ಮಾತ್ರ ಸಲ್ಲುತ್ತದೆ. ಎಂಟ್ರೊಪಿಯಾದರೋ ಅನಿಲದ ಸ್ಥಿತಿಗೆ ಸೇರಿದ್ದು. ಯಾವ ದಾರಿಯಲ್ಲಿ ಬಂದರೂ ಮೊದಲ ಮತ್ತು ಕೊನೆಯ ಸ್ಥಿತಿಗಳ ನಡುವಿನ ಅಂತರ ಒಂದೇ.

ಆದ್ದರಿಂದ ಅವೇ ಸ್ಥಿತಿಗಳ ನಡುವೆ ನಿಧಾನದ ದಾರಿಯೊಂದನ್ನು ಕಲ್ಪಿಸಿಕೊಳ್ಳೋಣ. 300 ಕೆಲ್ವಿನ್‌ನಲ್ಲಿರುವ ಒಂದು ಮೋಲ್ ಅನಿಲ ಪಿಸ್ಟನ್ನನ್ನು ಮೆಲ್ಲಗೆ ತಳ್ಳುತ್ತಾ ಎರಡರಷ್ಟು ಹಿಗ್ಗಲಿ. ಉಷ್ಣತೆ ಕುಗ್ಗದಿರಲು ಅದು ಹೊರಗಿನಿಂದ ಸುಮಾರು 1729 ಜೂಲ್ ಶಾಖ ಹೀರಬೇಕು. 300ರಿಂದ ಭಾಗಿಸಿದರೆ ಕೆಲ್ವಿನ್‌ಗೆ 5.76 ಜೂಲ್. ನಿರ್ವಾತಕ್ಕೆ ನುಗ್ಗಿದಾಗಲೂ ಅನಿಲದ ಎಂಟ್ರೊಪಿ ಏರುವುದು ಅಷ್ಟೇ. ನಿಧಾನದ ದಾರಿಯಲ್ಲಿ ಶಾಖ ಕೊಟ್ಟ ಪರಿಸರ ಅಷ್ಟೇ ಎಂಟ್ರೊಪಿ ಕಳೆದುಕೊಳ್ಳುತ್ತದೆ. ನುಗ್ಗುವಾಗ ಯಾರೂ ಕಳೆದುಕೊಳ್ಳುವುದಿಲ್ಲ, ಏರಿದ್ದೆಲ್ಲ ಹೊಸದು.

ಅದು ಬಂದದ್ದೆಲ್ಲಿಂದ? ಈಗ ಪ್ರತಿ ಅಣುವಿಗೂ ಇರಲು ಎರಡು ಪಾತ್ರೆಗಳಿವೆ. ಕೇವಲ ನೂರು ಅಣುಗಳಿದ್ದರೂ ಅವು ಹಂಚಿಕೊಳ್ಳುವ ಬಗೆಗಳು 2ರ ನೂರನೇ ಘಾತದಷ್ಟು. ಎಲ್ಲವೂ ಹಳೆಯ ಪಾತ್ರೆಯಲ್ಲೇ ಇರುವ ಬಗೆ ಒಂದೇ ಒಂದು. ಹರಡಿದ ಅನಿಲ ತಾನಾಗಿ ಮರಳದಿರುವುದು ಅದಕ್ಕೇ.